ಟೀ ಅಂಗಡಿಗೆ ಬಾರದ ಮೆಷಿನ್ನು, ಬಂದ ಸ್ಟಿಕ್ಕರ್ರು

ನಮ್ಮ ಬೆಂಗಳೂರಲ್ಲಿ ರಸ್ತೆಬದಿ ಟೀ ಅಂಗಡಿಯವರನ್ನ "ಅಣ್ಣಾ, ಸ್ಕ್ಯಾನರ್ ಎಲ್ಲಿದೆ?" ಅಂತ ಕೇಳ್ತೀವಲ್ಲ, ನಿಜ ಹೇಳಬೇಕಂದ್ರೆ ಅವರ ಹತ್ತಿರ ಸ್ಕ್ಯಾನರ್ ಇರೋದೇ ಇಲ್ಲ. ಅವರ ಹತ್ತಿರ ಇರೋದು ಒಂದು ಕಾಗದ. ಸ್ಕ್ಯಾನರ್ ಇರೋದು ನಿಮ್ಮ ಜೇಬಿನಲ್ಲಿ. ಮಾತಿನ ಈ ಅದಲುಬದಲಿನಲ್ಲೇ ಇಡೀ ಇತಿಹಾಸ ಅಡಗಿದೆ ಅಂತ ನನಗನ್ನಿಸುತ್ತೆ.

"ಕಾರ್ಡ್ ಮೆಷಿನ್ನಿಗೆ ಕಮಿಷನ್ ಕೊಡಬೇಕು, ಕ್ಯೂಆರ್ ಪುಕ್ಕಟೆ, ಅದಕ್ಕೇ ಗೆದ್ದಿತು" ಅನ್ನೋದು ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿಬರೋ ಉತ್ತರ. ಅರ್ಧ ಸತ್ಯ. ಲೆಕ್ಕ ಹಾಕಿ ನೋಡೋಣ. 2012ರಲ್ಲೇ ರಿಸರ್ವ್ ಬ್ಯಾಂಕ್ ಎರಡು ಸಾವಿರ ರೂಪಾಯಿವರೆಗಿನ ಡೆಬಿಟ್ ಕಾರ್ಡ್ ವ್ಯವಹಾರಕ್ಕೆ ಕಮಿಷನ್ ಶೇ. 0.75 ಮೀರಬಾರದು ಅಂತ ಮಿತಿ ಹಾಕಿತ್ತು. ಹತ್ತು ರೂಪಾಯಿ ಟೀಗೆ ಏಳೂವರೆ ಪೈಸೆ! ಒಂದು ಚಮಚ ಸಕ್ಕರೆ ಕಡಿಮೆ ಹಾಕಿದ್ರೆ ಅದು ವಾಪಸ್ ಬರುತ್ತೆ.

ಅಡ್ಡಿ ಬೇರೆ ಕಡೆ ಇತ್ತು. ಕಾರ್ಡ್ ಉಜ್ಜೋ ಮೆಷಿನ್ ಬೇಕಂದ್ರೆ ಬ್ಯಾಂಕಿನಲ್ಲಿ ಸಾಮಾನ್ಯವಾಗಿ ಕರೆಂಟ್ ಅಕೌಂಟ್ ಬೇಕು, ಅಂಗಡಿಯ ಲೈಸೆನ್ಸು, ವಿಳಾಸದ ದಾಖಲೆ ಬೇಕು. ಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡವನ ವಿಳಾಸ ಏನು ಬರೀತೀರಿ? ಅದರ ಮೇಲೆ ತಿಂಗಳ ಬಾಡಿಗೆ. ಬಾಡಿಗೆ ಮುನ್ನೂರು, ಒಂದು ಟೀಗೆ ಮೂರು ರೂಪಾಯಿ ಉಳಿಯುತ್ತೆ ಅಂತಿಟ್ಟುಕೊಳ್ಳಿ. ಪ್ರತಿ ತಿಂಗಳ ಮೊದಲ ನೂರು ಟೀ ಮೆಷಿನ್ನಿಗೇ ಹೋಯ್ತು, ಯಾರೂ ಕಾರ್ಡ್ ಉಜ್ಜದಿದ್ದರೂ ಸಹ. ಜೊತೆಗೆ ಚಾರ್ಜ್ ಮಾಡೋಕೆ ಕರೆಂಟು, ಒಳಗೊಂದು ಸಿಮ್ಮು, ಕಾಗದದ ಸುರುಳಿ. ಕಾರ್ಡ್ ತೂರಿಸಿ, ಮೊತ್ತ ಒತ್ತಿ, ಪಿನ್ ಹಾಕಿಸಿ, ಚೀಟಿ ಹರಿದು ಕೊಡೋ ಹೊತ್ತಿಗೆ ಹಾಲು ಉಕ್ಕಿರುತ್ತೆ. ದುಡ್ಡು ಖಾತೆಗೆ ಬರೋದು ಮಾರನೇ ದಿನವೋ ಅದರಾಚೆಯೋ. ಹಾಲಿನವನು ಅಲ್ಲಿವರೆಗೆ ಕಾಯ್ತಾನಾ?

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಎಲ್ಲರಿಗೂ ಮೊದಲು ನೆನಪಾದದ್ದು ಈ ಮೆಷಿನ್ನೇ. ಆಗ ಏನು ಮಾಡಿದರು ಗೊತ್ತಾ? ಕಮಿಷನ್ ಇನ್ನೂ ಇಳಿಸಿದರು. 2017ರ ಜನವರಿಯಿಂದ ಮಾರ್ಚ್‌ವರೆಗೆ ಸಾವಿರ ರೂಪಾಯಿವರೆಗಿನ ಡೆಬಿಟ್ ಕಾರ್ಡ್ ವ್ಯವಹಾರಕ್ಕೆ ಶೇ. 0.25 ಮಾತ್ರ. ಬಾಡಿಗೆ, ಕಾಗದಪತ್ರ, ಕರೆಂಟು ಹಾಗೇ ಉಳಿದವು. ಟೀ ಅಂಗಡಿಗೆ ಆ ಇಳಿಕೆಯಿಂದ ಏನೂ ಆಗಲಿಲ್ಲ.

ಇನ್ನು ಕ್ಯೂಆರ್ ಕಡೆ ಬರೋಣ. ಈ ಚೌಕಗಳ ಚಿತ್ರ ದುಡ್ಡಿಗಾಗಿ ಹುಟ್ಟಿದ್ದೇ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ ಮಾಡಿದ್ದು. ಪೇಟೆಂಟ್ ಇದ್ದರೂ ಬಳಸುವವರಿಂದ ದುಡ್ಡು ಕೇಳಲಿಲ್ಲ. ನಮ್ಮಲ್ಲಿ 2016ರ ಏಪ್ರಿಲ್ 11ಕ್ಕೆ ಯುಪಿಐ ಉದ್ಘಾಟನೆಯಾಯ್ತು, ಆಗಸ್ಟ್ ಕೊನೆಯಿಂದ ಬ್ಯಾಂಕುಗಳ ಆಪ್‌ಗಳು ಬರತೊಡಗಿದವು, ಡಿಸೆಂಬರ್ 30ಕ್ಕೆ ಭೀಮ್ ಬಂತು. ಟೀ ಅಂಗಡಿಯ ಸ್ಟಿಕ್ಕರ್ ಒಳಗೆ ಏನಿದೆ ಅಂತ ಬಿಡಿಸಿ ನೋಡಿದ್ರೆ ಸುಮಾರು ಇಷ್ಟೇ (ಹೆಸರು ನಾನು ಸುಮ್ಮನೆ ಹಾಕಿದ್ದು):

```
upi://pay?pa=teashop@bank&pn=Tea%20Shop&cu=INR
```

ಯಾರಿಗೆ, ಅವರ ಹೆಸರೇನು, ಯಾವ ನಾಣ್ಯ. ಮೊತ್ತ ಕೂಡ ಇಲ್ಲ! ನನ್ನಂಥ ಕೋಡ್ ಕುಟ್ಟುವವರಿಗೆ ಇದನ್ನ ನೋಡಿದ್ರೆ ನಗು ಬರುತ್ತೆ, ಇಷ್ಟು ಸಣ್ಣದಾ ಅಂತ. ಆದರೆ ಇಲ್ಲಿ ದಿಕ್ಕೇ ತಿರುಗಿದೆ ನೋಡಿ. ಕಾರ್ಡ್ ಮೆಷಿನ್ನಿನಲ್ಲಿ ಅಂಗಡಿಯವನು ನಿಮ್ಮ ಖಾತೆಯಿಂದ ದುಡ್ಡು ಎಳೆದುಕೊಳ್ತಾನೆ. ಹಾಗಾಗಿ ನಂಬಿಕಸ್ತ ಯಂತ್ರ, ನೆಟ್‌ವರ್ಕು, ಬ್ಯಾಟರಿ ಎಲ್ಲ ಅವನ ಹತ್ತಿರ ಇರಬೇಕು, ಬ್ಯಾಂಕು ಅವನನ್ನ ಜಾಲಾಡಿ ನೋಡಬೇಕು. ಯುಪಿಐಯಲ್ಲಿ ನೀವೇ ದುಡ್ಡು ತಳ್ತೀರಿ. ಯಂತ್ರ ನಿಮ್ಮದು, ಡೇಟಾ ನಿಮ್ಮದು, ಪಿನ್ ಒತ್ತೋದು ನಿಮ್ಮ ಫೋನಿನ ಮೇಲೆ. ಅಂಗಡಿಯವನಿಗೆ ಮನೆಖರ್ಚಿನ ಉಳಿತಾಯ ಖಾತೆಯೊಂದಿದ್ರೆ ಸಾಕಾಯ್ತು. ಮೆಷಿನ್ನಿನ ಖರ್ಚನ್ನ ಗಿರಾಕಿಗಳೇ ಹೊತ್ತುಕೊಂಡರು, ಅದೂ ಬೇರೆ ಕಾರಣಕ್ಕೆ ಕೊಂಡ ಫೋನಿನಲ್ಲಿ.

ಆರಂಭದಲ್ಲಿ ಒಂದೊಂದು ಕಂಪನಿಯದು ಒಂದೊಂದು ಸ್ಟಿಕ್ಕರ್, ಗಾಡಿ ಮುಂದೆ ನಾಲ್ಕೈದು ಬಣ್ಣ. 2017ರ ಫೆಬ್ರುವರಿಯಲ್ಲಿ ಬಂದ ಭಾರತ್‌ಕ್ಯೂಆರ್ ಇವನ್ನೆಲ್ಲ ಒಂದು ಮಾಡೋ ಪ್ರಯತ್ನ. ಕೊನೆಗೆ 2020ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್, ಇನ್ನು ಮುಂದೆ ತಮ್ಮ ಆಪ್‌ಗೆ ಮಾತ್ರ ತೆರೆಯುವ ಹೊಸ ಕೋಡ್ ಯಾರೂ ತರಬಾರದು ಅಂತ ಹೇಳಿತು. ಕಮಿಷನ್ ಕಥೆಯೂ ಅದೇ ವರ್ಷ ಮುಗಿದಿತ್ತು: 2020ರ ಜನವರಿ 1ರಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ವ್ಯಾಪಾರಿ ಕೊಡಬೇಕಾದ ಶುಲ್ಕ ಸೊನ್ನೆ. ರುಪೇಗೂ ಸೊನ್ನೆ ಅನ್ನೋದನ್ನ ಗಮನಿಸಿ. ಕಮಿಷನ್ನೇ ಅಡ್ಡಿಯಾಗಿದ್ದರೆ ಅವತ್ತಿನಿಂದ ಟೀ ಅಂಗಡಿಗಳಲ್ಲಿ ಕಾರ್ಡ್ ಮೆಷಿನ್ ಕಾಣಿಸಬೇಕಿತ್ತಲ್ಲ?

ಆದರೆ ದಿಕ್ಕು ತಿರುಗಿದಾಗ ಅಂಗಡಿಯವನು ಒಂದು ವಿಷಯ ಕಳ್ಕೊಂಡ. ಮೆಷಿನ್ನು ಚೀಟಿ ಕೊಡ್ತಿತ್ತು, ದುಡ್ಡು ಬಂತು ಅನ್ನೋದಕ್ಕೆ ಸಾಕ್ಷಿ. ಕಾಗದ ಏನೂ ಹೇಳಲ್ಲ. ಗಿರಾಕಿ ಹಸಿರು ಟಿಕ್ ತೋರಿಸ್ತಾನೆ, ಅದು ನಿನ್ನೆಯ ಸ್ಕ್ರೀನ್‌ಶಾಟೋ, ನಕಲಿ ಆಪ್‌ನದ್ದೋ ಹೇಗೆ ತಿಳಿಯೋದು? ರಾತ್ರೋರಾತ್ರಿ ಯಾರೋ ತಮ್ಮ ಸ್ಟಿಕ್ಕರನ್ನ ಮೇಲೆ ಅಂಟಿಸಿ ಹೋದ್ರೆ ಮಧ್ಯಾಹ್ನದವರೆಗೂ ಗೊತ್ತಾಗಲ್ಲ. (ಬೆಳಿಗ್ಗೆ ಗಾಡಿ ತೆಗೆದ ತಕ್ಷಣ ತಾನೇ ಒಂದು ರೂಪಾಯಿ ಹಾಕಿ ಯಾರ ಹೆಸರು ಬರುತ್ತೆ ಅಂತ ನೋಡೋದು ಒಳ್ಳೇ ಉಪಾಯ.) ಈ ಕೊರತೆ ತುಂಬೋಕೆ ಬಂದದ್ದೇ ಕೂಗೋ ಡಬ್ಬಿ. ಅದರ ಒಳಗೊಂದು ಸಿಮ್ಮು, ಬ್ಯಾಟರಿ, ತಿಂಗಳಿಗೆ ಸಾಮಾನ್ಯವಾಗಿ ನೂರು ರೂಪಾಯಿ ಆಸುಪಾಸು ಬಾಡಿಗೆ. ಅಂದ್ರೆ ಹೊರಗೆ ಕಳಿಸಿದ್ದ ಮೆಷಿನ್ನು ಹಿಂಬಾಗಿಲಿನಿಂದ ವಾಪಸ್ ಬಂತು! ಆದರೂ ಒಂದು ವ್ಯತ್ಯಾಸ ಇದೆ: ಡಬ್ಬಿ ಕೆಟ್ಟು ಕೂತರೂ ದುಡ್ಡು ಬರುತ್ತೆ, ಮೆಷಿನ್ ಕೆಟ್ಟರೆ ವ್ಯಾಪಾರವೇ ಇಲ್ಲ.

ಉಳಿತಾಯ ಖಾತೆ ಸಾಕು ಅಂದೆನಲ್ಲ, ಅದರ ಬಿಲ್ಲು 2025ರ ಜುಲೈನಲ್ಲಿ ಬಂತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದೀಚೆಗಿನ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಸ್ಟಿಕ್ಕರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದರು. ಟೀ ಅಂಗಡಿಗೆ ತೆರಿಗೆಯಾ ಅಂತ ಬೆರಗಾಗಬೇಡಿ. ದಿನಕ್ಕೆ 12 ರೂಪಾಯಿಯ 400 ಟೀ, ವರ್ಷದಲ್ಲಿ 360 ದಿನ: 17,28,000. ಜೊತೆಗೆ 18 ರೂಪಾಯಿಯ ನೂರು ಸಿಗರೇಟು: 6,48,000. ಒಟ್ಟು 23,76,000. ಬರೀ ಸರಕು ಮಾರುವವರಿಗೆ ನೋಂದಣಿ ಮಿತಿ 40 ಲಕ್ಷ, ಸೇವೆ ಇದ್ದರೆ 20 ಲಕ್ಷ. ಟೀ ಮಾಡಿ ಕೊಡೋದು ಹೋಟೆಲಿನ ಹಾಗೆ ಸೇವೆಯ ಲೆಕ್ಕ. ಟೀ ಮಾತ್ರ ಮಾರಿದ್ರೆ ಮಿತಿಯ ಒಳಗೇ ಇರ್ತಿದ್ದ, ಒಂದೆರಡು ರೂಪಾಯಿ ಉಳಿಯೋ ಸಿಗರೇಟು ಅವನನ್ನ ಗೆರೆ ದಾಟಿಸಿತು. ಮಿತಿ ನೋಡೋದು ವಹಿವಾಟನ್ನ, ಲಾಭವನ್ನಲ್ಲ.

ಅದೇ ಖಾತೆಗೆ ಭಾವಮೈದುನ ವಾಪಸ್ ಕೊಟ್ಟ ಕೈಸಾಲ, ಚೀಟಿ ದುಡ್ಡು, ಊರಿಂದ ಅಪ್ಪ ಹಾಕಿದ ಹಣ ಎಲ್ಲ ಬಂದಿರುತ್ತೆ. ಬೇರ್ಪಡಿಸಿ ತೋರಿಸೋ ಕೆಲಸ ಅಂಗಡಿಯವನದ್ದು. ಕರೆಂಟ್ ಅಕೌಂಟ್ ಕೇಳ್ತಿದ್ದ ಆ ಹಾಳು ಮೆಷಿನ್ನು ಇದೊಂದು ವಿಷಯದಲ್ಲಿ ಅವನಿಗೆ ಉಪಕಾರ ಮಾಡ್ತಿತ್ತೇನೋ! ಜುಲೈ 23ಕ್ಕೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಅಂತ ಭರವಸೆ ಕೊಟ್ಟರು. ಕಿತ್ತ ಸ್ಟಿಕ್ಕರ್‌ಗಳು ಒಂದೊಂದಾಗಿ ಮತ್ತೆ ಅಂಟಿಕೊಂಡವು. ನನಗೆ ಗೊತ್ತಿರೋ ಒಂದು ಗಾಡಿಯಲ್ಲಿ ಈಗ ಎರಡಿವೆ, ಒಂದು ಟೀಗೆ, ಇನ್ನೊಂದು ಸಿಗರೇಟಿಗೆ.