ಹೇಸಿಗೆ ಮೊದಲು, ಕಾರಣ ಆಮೇಲೆ

ಮೈಲಿಗೆ ಎಂಬುದು ನಮ್ಮ ಹಿರಿಯರು ಕಂಡುಕೊಂಡ ನೈರ್ಮಲ್ಯ ವಿಜ್ಞಾನ ಎಂಬ ಮಾತು ಈಚೆಗೆ ಉಪನ್ಯಾಸಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಹೇಸಿಗೆಯ ಭಾವ ರೋಗದಿಂದ ಕಾಯಲೆಂದೇ ಹುಟ್ಟಿದ್ದು, ಆದ್ದರಿಂದ ಹೊಟ್ಟೆ ತೊಳಸುವಂಥದ್ದು ತಪ್ಪೇ ಇರಬೇಕು ಎಂದು ವಾದಿಸುವವರು ಮನೋವಿಜ್ಞಾನವನ್ನೂ ಸಾಕ್ಷಿಗೆ ಕರೆಯುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಬಿ.ಇಡಿ. ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಬಹುಕಾಲ ಪಾಠ ಮಾಡಿದವನಾಗಿ ಹೇಳುತ್ತೇನೆ: ಆ ಸಾಕ್ಷಿ ಹೇಳುವುದೇ ಬೇರೆ.

ಹೇಸಿಗೆಯ ಅಧ್ಯಯನದ ಹಳೆಯ ಘಟ್ಟಗಳನ್ನು ಬೇಗ ದಾಟಬಹುದು. ಭರತನ ನಾಟ್ಯಶಾಸ್ತ್ರ ಜುಗುಪ್ಸೆಯನ್ನು ಬೀಭತ್ಸ ರಸದ ಸ್ಥಾಯಿಭಾವವೆಂದು ಗುರುತಿಸಿತು. ಶರಣರ ಪರಂಪರೆ ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಒಟ್ಟಿಗೇ ತಳ್ಳಿಹಾಕಿತು. ಈ ಐದೂ ಒಂದೇ ಬೇರಿನವು ಎಂದು ಕಂಡುಕೊಂಡದ್ದು, ನನ್ನ ಮಟ್ಟಿಗೆ, ಈ ಕ್ಷೇತ್ರದ ಮೊದಲ ದೊಡ್ಡ ಒಳನೋಟ. 1872ರಲ್ಲಿ ಡಾರ್ವಿನ್ ಹೇಸಿಗೆಯ ಮುಖಚರ್ಯೆಯನ್ನು ರುಚಿಗೆ ಗಂಟುಹಾಕಿದ. 1966ರಲ್ಲಿ ಮೇರಿ ಡಗ್ಲಸ್, ಕೊಳೆ ಎಂದರೆ ಇರಬಾರದ ಜಾಗದಲ್ಲಿ ಇರುವ ವಸ್ತು ಎಂದು ತೋರಿಸಿದರು.

ಕ್ಷೇತ್ರ ನಿಜವಾಗಿ ತೆರೆದುಕೊಂಡದ್ದು 1980ರ ದಶಕದಲ್ಲಿ, ಅಮೆರಿಕದ ಪಾಲ್ ರೋಜಿನ್ ಅವರಿಂದ. ಅವರ ತಂಡ ಹಣ್ಣಿನ ರಸದ ಲೋಟದಲ್ಲಿ ಸತ್ತ ಜಿರಳೆಯನ್ನು ಅದ್ದಿ ತೆಗೆದು, ಕುಡಿಯುತ್ತೀರಾ ಎಂದು ಕೇಳಿತು. ಜನ ಬೇಡವೆಂದರು. ಕಾರಣ ಕೇಳಿದರೆ ರೋಗಾಣು ಎಂದರು. ಆ ಜಿರಳೆಯ ರೋಗಾಣುಗಳನ್ನೆಲ್ಲ ಮೊದಲೇ ಕೊಲ್ಲಲಾಗಿದೆ ಎಂದು ತಿಳಿಸಿದ ಮೇಲೂ ಬೇಡವೆಂದರು. ಕಾರಣ ಹೋಯಿತು, ಹೇಸಿಗೆ ಉಳಿಯಿತು. ಒಮ್ಮೆ ತಾಕಿದ್ದು ಸದಾ ತಾಕಿಯೇ ಇರುತ್ತದೆ ಎಂದು ಮನಸ್ಸು ನಂಬುತ್ತದೆ, ತೊಳೆದರೂ ಆ ನಂಬಿಕೆ ಹೋಗುವುದಿಲ್ಲ. 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹೊರಬಿಟ್ಟು ಗೋಮೂತ್ರದಿಂದ ಶುದ್ಧಿ ಮಾಡಿದ್ದು ನೆನಪಿರಬಹುದು. ನಲ್ಲಿ ತಿರುಗಿಸಿ ಕುಡಿದವರಿಂದ ತೊಂಬೆಯೊಳಗಿನ ನೀರಿಗೆ ಏನೂ ತಾಕುವುದಿಲ್ಲ. ನೈರ್ಮಲ್ಯವೇ ಕಾರಣವಾಗಿದ್ದರೆ ಹಾಗೆ ಮಾಡಬೇಕಾಗಿರಲಿಲ್ಲ. ಅಲ್ಲಿ ನಡೆದದ್ದು ರೋಜಿನ್ ಅವರ ಲೋಟದ ಪ್ರಯೋಗವೇ, ಆದರೆ ಜಿರಳೆಯ ಜಾಗದಲ್ಲಿ ಮನುಷ್ಯರನ್ನು ಇಟ್ಟು.

ರೋಜಿನ್ ತಂಡದ ಇನ್ನೊಂದು ಪ್ರಯೋಗವನ್ನು ನಮ್ಮ ಉಪನ್ಯಾಸಕರು ಹೇಳುವುದೇ ಇಲ್ಲ. ಎರಡು ವರ್ಷದೊಳಗಿನ ಮಕ್ಕಳ ಮುಂದೆ ನಾಯಿಯ ಹೇಲಿನಂತೆ ಕಾಣುವ ತಿಂಡಿ ಇಟ್ಟಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದನ್ನು ಬಾಯಿಗೆ ಹಾಕಿಕೊಂಡರು. ಯಾವುದಕ್ಕೆ ಹೇಸಬೇಕು ಎಂಬುದನ್ನು ಮಗು ಹುಟ್ಟುವಾಗ ಹೊತ್ತು ತರುವುದಿಲ್ಲ. ಊಟದ ತಾಟಿನ ಮುಂದೆ, ನಲ್ಲಿಯ ಬಳಿ, ದೊಡ್ಡವರ ಮುಖ ನೋಡಿ ಕಲಿಯುತ್ತದೆ.

ಹೇಸಿಗೆಯಿಂದ ನ್ಯಾಯ-ಅನ್ಯಾಯದ ಪ್ರಶ್ನೆಗೆ ಸೇತುವೆ ಕಟ್ಟಿದ್ದು ಭುವನೇಶ್ವರದ ಅಧ್ಯಯನ. ರಿಚರ್ಡ್ ಶ್ವೇಡರ್, ಮನಮೋಹನ್ ಮಹಾಪಾತ್ರ, ಜೋನ್ ಮಿಲ್ಲರ್ 1987ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿನ ಬ್ರಾಹ್ಮಣ ಕುಟುಂಬಗಳವರು ಪಟ್ಟಿಯಲ್ಲಿದ್ದ ಅಪರಾಧಗಳಲ್ಲೆಲ್ಲ ಅತಿ ಘೋರವೆಂದದ್ದು, ತಂದೆ ಸತ್ತ ಮಾರನೆಯ ದಿನ ಹಿರಿಯ ಮಗ ಕೂದಲು ಕತ್ತರಿಸಿಕೊಂಡು ಕೋಳಿ ತಿನ್ನುವುದನ್ನು. ಚಿಕಾಗೋದವರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಇಲ್ಲಿಂದ ಮುಂದುವರಿದ ಜೊನಾಥನ್ ಹೈಟ್, ತೀರ್ಪು ಮೊದಲು ಬರುತ್ತದೆ, ಕಾರಣವನ್ನು ಆಮೇಲೆ ಹುಡುಕುತ್ತೇವೆ ಎಂದು 2001ರಲ್ಲಿ ವಾದಿಸಿದರು. 2005ರಲ್ಲಿ ಥಾಲಿಯಾ ವೀಟ್ಲಿ ಜೊತೆ ಮಾಡಿದ ಪ್ರಯೋಗದಲ್ಲಿ, ಒಂದು ಸಾಮಾನ್ಯ ಪದ ಕಂಡೊಡನೆ ಹೇಸಿಗೆಯಾಗುವಂತೆ ಕೆಲವರನ್ನು ಸಂಮೋಹನಕ್ಕೆ ಒಳಪಡಿಸಿದರು. ಚರ್ಚೆಗೆ ಒಳ್ಳೆಯ ವಿಷಯಗಳನ್ನು ಆರಿಸುವ ವಿದ್ಯಾರ್ಥಿ ನಾಯಕನ ಕಥೆಯಲ್ಲಿ ಆ ಪದ ಸೇರಿಸಿದಾಗ, ಅವನು ಏನೋ ಮಸಲತ್ತು ನಡೆಸಿದ್ದಾನೆ ಎಂದು ಕೆಲವರು ಬರೆದರು.

ಇದನ್ನು ನಮ್ಮ ಐದು ತಾಲ್ಲೂಕುಗಳ ಶಾಲೆಗಳಿಗೇ ತಂದು ನೋಡಬಹುದು. 2021ರ ಡಿಸೆಂಬರಿನಲ್ಲಿ ವಿಜಯನಗರವೂ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ 1ರಿಂದ 8ನೇ ತರಗತಿಯ ಮಕ್ಕಳಿಗೆ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಕೊಡತೊಡಗಿದರು. ಕೆಲವು ಲಿಂಗಾಯತ ಮತ್ತು ಜೈನ ಮಠಾಧೀಶರು ವಿರೋಧಿಸಿದರು. ಮೊದಲು ಬಂದ ಕಾರಣ, ತಿನ್ನದ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂಬುದು. ಅವರಿಗೆ ಬಾಳೆಹಣ್ಣು ಇತ್ತು. ಹಾಗಾದರೆ ಪಂಕ್ತಿಯಲ್ಲಿ ಭೇದವಾಗುತ್ತದೆ ಎಂದರು. ಮನೆಯಲ್ಲಿ ತಿನ್ನಲಿ, ಶಾಲೆಯಲ್ಲಿ ಬೇಡ ಎಂದರು. ಬೇಳೆಕಾಳು ಸಾಕು ಎಂದರು. ಕಾರಣಗಳು ಒಂದರ ಹಿಂದೆ ಒಂದು ಬದಲಾದವು, ತೀರ್ಪು ಬದಲಾಗಲಿಲ್ಲ. ಹೊಟ್ಟೆಯ ತೀರ್ಪನ್ನು ಗುರುತಿಸುವ ಬಗೆ ಇದು: ಹೇಳಿದ ಕಾರಣಕ್ಕೆ ಪೂರ್ತಿ ಪರಿಹಾರ ಒದಗಿಸಿ, ತೀರ್ಪು ಸ್ವಲ್ಪವಾದರೂ ಸಡಿಲಿತೇ ಎಂದು ನೋಡಬೇಕು. ಆದರೆ ಅಹಿಂಸೆಯನ್ನು ಬದುಕಿನ ಎಲ್ಲ ಕಡೆ ಪಾಲಿಸುವವರ ಆಕ್ಷೇಪವನ್ನು ಇದರ ಜೊತೆ ಸೇರಿಸಬಾರದು. ಅವರ ಕಾರಣ ಒಂದೇ, ಮೊದಲೂ ಅದೇ, ಕೊನೆಗೂ ಅದೇ. ಮೊಟ್ಟೆ ಬೇಯಿಸಿದ ಪಾತ್ರೆಯನ್ನೇ ಬೇರೆ ಇಡಿ ಎನ್ನುವವರ ಆಕ್ಷೇಪಕ್ಕೂ ಅಹಿಂಸೆಗೂ ಸಂಬಂಧವಿಲ್ಲ, ತೊಳೆದ ಪಾತ್ರೆಗೆ ಯಾವ ಜೀವವೂ ಅಂಟಿರುವುದಿಲ್ಲ.

ಹೈಟ್ ಅವರ ಪಂಥವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಕೊಳಕು ಕೋಣೆ, ದುರ್ವಾಸನೆ ತೀರ್ಪನ್ನು ಕಠಿಣಗೊಳಿಸುತ್ತವೆ ಎಂಬ ಪ್ರಯೋಗಗಳು 2008ರ ಹೊತ್ತಿಗೆ ಬಹಳ ಹೆಸರಾದವು. 2015ರಲ್ಲಿ ಲ್ಯಾಂಡಿ ಮತ್ತು ಗುಡ್‌ವಿನ್ ಸುಮಾರು 50 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಪರಿಣಾಮ ತೀರಾ ಚಿಕ್ಕದಾಗಿತ್ತು. ವಿಫಲ ಪ್ರಯೋಗಗಳು ಅಚ್ಚಾಗದೆ ಉಳಿಯುವುದನ್ನು ಲೆಕ್ಕಕ್ಕೆ ಹಿಡಿದರೆ ಅದೂ ಇಲ್ಲವಾಗಬಹುದು ಎಂದರು. ಅದೇ ವರ್ಷ ಎಡ್ವರ್ಡ್ ರಾಯ್ಜ್‌ಮನ್ ತಂಡ, ಹೈಟ್ ಬಳಸಿದ, ಯಾರಿಗೂ ಹಾನಿಯಾಗದ ತಪ್ಪಿನ ಕಥೆ ಕೇಳಿ ಕಾರಣ ಹೇಳಲಾಗದೆ ತಡವರಿಸಿದರು ಎನ್ನಲಾದವರಲ್ಲಿ ಅನೇಕರು ಆ ಕಥೆಯಲ್ಲಿ ಯಾರಿಗೂ ಹಾನಿಯಾಗಲಿಲ್ಲ ಎಂಬ ಮಾತನ್ನೇ ನಂಬಿರಲಿಲ್ಲ ಎಂದು ತೋರಿಸಿತು. ಈ ತಿದ್ದುಪಡಿ ನ್ಯಾಯವಾದದ್ದು. ಎಲ್ಲಿಂದಲೋ ಬಂದ ವಾಸನೆಗೆ ತೀರ್ಪು ಕೊಡುವ ಬಲವಿಲ್ಲ. ಮನೆಯಲ್ಲಿ ಕಲಿತ, ದಿನವೂ ಆಚರಿಸುವ, ನೆರೆಹೊರೆಯೆಲ್ಲ ಹಂಚಿಕೊಂಡ ಹೇಸಿಗೆಗೆ ಆ ಬಲವಿದೆ.

ಆ ಕಲಿಕೆಯನ್ನು ಹತ್ತಿರದಿಂದ ನೋಡಿದ ಬರವಣಿಗೆ ಪ್ರಯೋಗಾಲಯದಿಂದ ಬಂದದ್ದಲ್ಲ. 1936ರಲ್ಲಿ ಅಂಬೇಡ್ಕರ್ ಜಾತಿ ಇಟ್ಟಿಗೆಯ ಗೋಡೆಯಲ್ಲ, ಮನಸ್ಸಿನ ಸ್ಥಿತಿ ಎಂದರು. 2012ರಲ್ಲಿ ಗೋಪಾಲ್ ಗುರು ಮತ್ತು ಸುಂದರ್ ಸಾರುಕ್ಕೈ ಅಸ್ಪೃಶ್ಯತೆಯ ಅನುಭವವನ್ನೇ ತತ್ವಶಾಸ್ತ್ರದ ವಸ್ತುವಾಗಿಸಿದರು. ಹೇಸಿಗೆಗೆ ಗುರಿಯಾದವರ ಕಡೆಯಿಂದ ನೋಡುವುದನ್ನು ನಾನು ಕಲಿತದ್ದು ಇವರಿಂದ. ಅಮೆರಿಕದ ಪ್ರಯೋಗಗಳು ಹೇಸುವವರನ್ನು ಮಾತ್ರ ಕೇಳಿದವು, ಅವರಲ್ಲೂ ಬಹುಪಾಲು ಕಾಲೇಜು ವಿದ್ಯಾರ್ಥಿಗಳು. ಎಂಜಲು, ಮುಟ್ಟು, ಸೂತಕ ದಿನನಿತ್ಯದ ವ್ಯವಹಾರವಾಗಿರುವ ಊರುಗಳನ್ನು ಬಹುಮಟ್ಟಿಗೆ ಬಿಟ್ಟು ಇಡೀ ಮನುಕುಲದ ಹೊಟ್ಟೆಯ ಬಗ್ಗೆ ಸಿದ್ಧಾಂತ ಕಟ್ಟಿದ್ದು ಈ ಕ್ಷೇತ್ರದ ದೊಡ್ಡ ಕೊರತೆ.

ಅದನ್ನು ತುಂಬಲು ಹೊರಗಿನವರು ಬರಬೇಕಾಗಿಲ್ಲ. ಯಾವ ಮಗು ಮೊಟ್ಟೆ ತಿನ್ನುತ್ತದೆ, ಯಾವ ಮಗು ಬಾಳೆಹಣ್ಣು ಕೇಳುತ್ತದೆ ಎಂಬುದು ನಮ್ಮ ಬಿಸಿಯೂಟದ ಶಿಕ್ಷಕರಿಗೆ ಗೊತ್ತಿದೆ. ಮೊದಲ ವರ್ಷ ಮುಖ ತಿರುಗಿಸಿದ ಮಗು, ಪಕ್ಕದ ಗೆಳೆಯ ತಿನ್ನುವುದನ್ನು ದಿನವೂ ನೋಡುತ್ತ ಎರಡನೆಯ ವರ್ಷ ಏನು ಮಾಡಿತು, ಪಕ್ಕದಲ್ಲಿ ಕೂರುವುದನ್ನೇ ನಿಲ್ಲಿಸಿತೇ ಎಂದು ಹೇಳಬಲ್ಲವರು ಅವರೇ. ಶಿಕ್ಷಣ ಮತ್ತು ಮನೋವಿಜ್ಞಾನದಲ್ಲಿ ಸಂಶೋಧನೆಗೆ ವಿಷಯ ಹುಡುಕುತ್ತಿರುವ ಈ ಭಾಗದ ವಿದ್ಯಾರ್ಥಿಗಳು, ಮಗುವಿನ ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಆ ಶಿಕ್ಷಕರ ಮಾತನ್ನು ಬರೆದುಕೊಳ್ಳಲು ಈ ವರ್ಷವೇ ಶುರು ಮಾಡಬೇಕು.