ಮಗನನ್ನು ಅಪ್ಪ ಎನ್ನುವ ಭಾಷೆ

ಇಂಗ್ಲಿಷಿನಲ್ಲಿ ಜಾನ್ ಎಂಬ ಹೆಸರು ಜಾನಿ ಆದಾಗ, ಡಾಗ್ ಎಂಬುದು ಡಾಗಿ ಆದಾಗ, ಅಕ್ಕರೆ ಹುಟ್ಟುವುದು ಚಿಕ್ಕದಾಗಿಸುವುದರಿಂದ. ಕನ್ನಡದಲ್ಲಿಯೂ ರಾಮ ರಾಮುವಾಗುವುದುಂಟು, ಲಕ್ಷ್ಮಿ ಲಚ್ಚಿಯಾಗುವುದುಂಟು. ಆದರೆ ಇವು ಮನೆಯ ಹೆಸರುಗಳಾದ್ದರಿಂದ ಇಂಗ್ಲಿಷ್ ಅನುವಾದದಲ್ಲಿ ಹಾಗೆಯೇ ಉಳಿಸಿಕೊಳ್ಳಬಹುದು. ತೊಡಕು ಎದುರಾಗುವುದು ಕ್ರಿಯಾಪದದ ಕೊನೆಗೆ ಹತ್ತುವ ಅಪ್ಪ, ಅಮ್ಮಗಳಲ್ಲಿ: ಬಾರಪ್ಪ, ತಿನ್ನಮ್ಮ, ಬನ್ರಪ್ಪ. ತಾಯಿ ಮಗನನ್ನು ಅಪ್ಪ ಎಂದೂ ಅಜ್ಜ ಮೊಮ್ಮಗಳನ್ನು ಅಮ್ಮ ಎಂದೂ ಕರೆಯುವ ಈ ರೂಢಿಯಲ್ಲಿ ಕಿರಿಯರು ಹಿರಿಯರ ಸ್ಥಾನಕ್ಕೇರುತ್ತಾರೆ, ಆದ್ದರಿಂದ ಇಲ್ಲಿ ಅಕ್ಕರೆಯು ಗೌರವದ ದಾರಿಯಲ್ಲೇ ಬರುತ್ತದೆ. ಇಂಗ್ಲಿಷಿನ ಅಕ್ಕರೆಯ ಪ್ರತ್ಯಯಗಳಿಗೆ ಈ ದಾರಿಯ ಪರಿಚಯವಿಲ್ಲ.

ಕೆಲಸ ಮುಗಿಸಿ ತಡವಾಗಿ ಬಂದ, ಮೂವತ್ತು ದಾಟಿದ ಮಗನಿಗೆ ತಾಯಿ ‘ಊಟ ಮಾಡಪ್ಪ, ಎಷ್ಟು ಹೊತ್ತಾಯಿತು’ ಎನ್ನುತ್ತಾಳೆಂದು ಇಟ್ಟುಕೊಳ್ಳೋಣ. ಅಪ್ಪ ಎಂಬುದನ್ನು ಫಾದರ್ ಎಂದರೆ ಓದುಗನಿಗೆ ಸಂಬಂಧವೇ ತಲೆಕೆಳಗಾಗಿ ಕಾಣುತ್ತದೆ. ಸ್ವೀಟಿ ಎಂದೋ ಲಿಟ್ಲ್ ಒನ್ ಎಂದೋ ಬರೆದರೆ ಬೆಳೆದ ಗಂಡಸು ಐದು ವರ್ಷದ ಮಗುವಾಗಿಬಿಡುತ್ತಾನೆ, ತಾಯಿಯ ಮಾತಿನಲ್ಲಿದ್ದ ಗೌರವ ಅಷ್ಟೂ ಸೋರಿಹೋಗುತ್ತದೆ. ಪ್ರತ್ಯಯಕ್ಕೆ ಸಮಾನ ಪದವನ್ನು ಹುಡುಕುವುದನ್ನು ಬಿಟ್ಟು, ಅದು ವಾಕ್ಯದಲ್ಲಿ ಮಾಡುತ್ತಿರುವ ಕೆಲಸವೇನೆಂದು ಕೇಳಿಕೊಳ್ಳುವುದೇ ಸರಿಯಾದ ಹೆಜ್ಜೆ: ಅದು ಅಪ್ಪಣೆಯ ಬಿರುಸನ್ನು ಕಳೆದು, ಒತ್ತಾಯವನ್ನು ಉಪಚಾರವಾಗಿಸುತ್ತಿದೆ. ಆ ಕೆಲಸವನ್ನು ಇಂಗ್ಲಿಷಿನಲ್ಲಿ ಕ್ರಿಯಾಪದದ ಸುತ್ತಲಿನ ಸಣ್ಣ ಮಾತುಗಳು ಮಾಡಬಲ್ಲವು. ‘ಕಮ್, ಹ್ಯಾವ್ ಯುವರ್ ಡಿನ್ನರ್ ನೌ, ಇಟ್ಸ್ ಸೋ ಲೇಟ್’ ಎಂಬಲ್ಲಿ ಮುದ್ದಿನ ಪದವೊಂದೂ ಇಲ್ಲದಿದ್ದರೂ ತಾಯಿಯ ಕಾಳಜಿ ಕೇಳಿಸುತ್ತದೆ.

ಅನುವಾದಕ ಎಡವುವ ಇನ್ನೊಂದು ಜಾಗವಿದೆ. ಹೆಂಗಸೊಬ್ಬಳು ಗೆಳತಿಯೊಡನೆ ‘ಸಾಕಾಯ್ತಪ್ಪ’ ಎಂದಾಗ ಅಪ್ಪ ಯಾರನ್ನೂ ಕರೆಯುತ್ತಿಲ್ಲ, ಅದು ಬರಿಯ ನಿಟ್ಟುಸಿರು. ಕೇಳುವವರು ಹೆಣ್ಣಾಗಿದ್ದೂ ಪ್ರತ್ಯಯ ಅಪ್ಪ ಎಂದೇ ಉಳಿದಿದ್ದರೆ ಅದನ್ನು ಸಂಬೋಧನೆಯೆಂದು ಎಣಿಸಲಾಗದು. ಅಲ್ಲಿ ‘ಆನೆಸ್ಟ್‌ಲಿ’ ಎಂಬಂಥ ಭಾವಸೂಚಕ ಪದವೇ ಹೊಂದುತ್ತದೆ.

ಹೆಸರಿನೊಳಗೆ ಬೆರೆತುಹೋದ ಅಪ್ಪನ ವಿಚಾರ ಬೇರೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ನಾರಣಪ್ಪ ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದಲ್ಲಿಯೂ ನಾರಣಪ್ಪನೇ, ಮತ್ತು ಅದು ಸರಿಯಾದದ್ದೇ. ಅಲ್ಲಿ ಅಪ್ಪ ಎಂಬುದು ಆಡುವವರ ಭಾವವನ್ನು ಹೊರದೆ ಹೆಸರಿನ ಅಂಗವಾಗಿಯಷ್ಟೇ ನಿಂತಿದೆ. ಕಾದಂಬರಿಯೊಂದರ ಮಾತುಕತೆಯಲ್ಲಿ ಬಾರಪ್ಪ, ಹೋಗಮ್ಮಗಳು ಮತ್ತೆ ಮತ್ತೆ ಬರುವಾಗ ಮಾತ್ರ, ಒಂದೆರಡು ಕಡೆ ಅವನ್ನು ಮೂಲರೂಪದಲ್ಲೇ ಉಳಿಸಿ, ಸಂದರ್ಭದಿಂದಲೇ ಓದುಗನಿಗೆ ಪರಿಚಯ ಮಾಡಿಸಿ, ಉಳಿದೆಡೆಗಳಲ್ಲಿ ಆ ಕೆಲಸವನ್ನು ವಾಕ್ಯದ ಲಯಕ್ಕೆ ಬಿಟ್ಟುಕೊಡುವುದು ಒಳ್ಳೆಯದು, ಏಕೆಂದರೆ ಪ್ರತಿ ಸಾಲಿನಲ್ಲೂ ಅವನ್ನು ಉಳಿಸಿದರೆ ಇಂಗ್ಲಿಷ್ ಓದುಗನ ಗಮನ ಆಡುವವರಿಂದ ಜಾರಿ ಪ್ರತ್ಯಯದ ಮೇಲೆಯೇ ನಿಲ್ಲುತ್ತದೆ.