ಬಹುಇಂದ್ರಿಯ ಓದಿನ ಆಟಗಳು: ಮರಳು, ದಾರ, ನಡಿಗೆ

ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಅಕ್ಷರಕ್ಕೂ ಅದರ ಉಚ್ಚಾರಕ್ಕೂ ಇರುವ ನಂಟನ್ನು ಕಣ್ಣು, ಕಿವಿ, ಬೆರಳು, ಕಾಲು ಎಲ್ಲವನ್ನೂ ಒಟ್ಟಿಗೆ ತೊಡಗಿಸಿ ಕಲಿಸುವ ಆಟಗಳಿವು. ಮೂರರಿಂದ ಐದು ಮಕ್ಕಳ ಗುಂಪನ್ನು ಒಬ್ಬ ಶಿಕ್ಷಕಿ ಆಡಿಸುತ್ತಾರೆ. ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಮಂದಬುದ್ಧಿಯೂ ಅಲ್ಲ. ಮಾತಿನ ಸದ್ದನ್ನು ಬಿಡಿಬಿಡಿಯಾಗಿ ಗುರುತಿಸಿ ಅದನ್ನು ಲಿಪಿಗೆ ಜೋಡಿಸುವಲ್ಲಿ ಮಗು ತಡವರಿಸುತ್ತದೆ. ಕನ್ನಡದಲ್ಲಿ ಈ ತಡವರಿಕೆ ಮೂಲಾಕ್ಷರಕ್ಕಿಂತ ಹೆಚ್ಚಾಗಿ ಕಾಗುಣಿತ ಮತ್ತು ಒತ್ತಕ್ಷರಗಳಲ್ಲಿ ಕಾಣುವುದರಿಂದ ಈ ಲೇಖನ ಅಲ್ಲಿಗೇ ಹೆಚ್ಚು ಗಮನ ಕೊಡುತ್ತದೆ.

ಹಿನ್ನೆಲೆ

ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವುದು ನಮ್ಮ ನಾಡಿಗೆ ಹೊಸದಲ್ಲ. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಲ್ಲೇ ತಿದ್ದುತ್ತಿದ್ದರು. 18ನೇ ಶತಮಾನದ ಕೊನೆಯಲ್ಲಿ ಮದರಾಸಿನ ಎಗ್ಮೋರ್‌ನಲ್ಲಿ ಅನಾಥ ಹುಡುಗರ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಯೊಂದರಲ್ಲಿ ಇದನ್ನು ಕಂಡು ತನ್ನ ಶಾಲೆಗೆ ತಂದ. 1797ರಲ್ಲಿ ಲಂಡನ್ನಿನಲ್ಲಿ ಅವನು ಪ್ರಕಟಿಸಿದ ವರದಿಯ ನಂತರ ಮರಳಿನ ತಟ್ಟೆ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೂ ಹೋಯಿತು. ಆದರೆ ಅಲ್ಲೆಲ್ಲ ಮರಳನ್ನು ಬಳಸಿದ್ದು ಅದು ಅಗ್ಗ ಎಂಬ ಕಾರಣಕ್ಕೆ. ಓದಲು ಕಷ್ಟಪಡುವ ಮಗುವಿಗೆ ಸ್ಪರ್ಶ ನೆರವಾದೀತು ಎಂಬ ಯೋಚನೆ ಬಂದದ್ದು 20ನೇ ಶತಮಾನದಲ್ಲಿ. ಅಮೆರಿಕದ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ 1925ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದರು. ಅವರ ಜೊತೆ ಕೆಲಸ ಮಾಡಿದ ಆನಾ ಗಿಲಿಂಗ್‌ಹ್ಯಾಮ್ ಮತ್ತು ಬೆಸ್ಸಿ ಸ್ಟಿಲ್ಮನ್ 1930ರ ದಶಕದಲ್ಲಿ ಪಾಠಕ್ರಮವೊಂದನ್ನು ಕಟ್ಟಿದರು. ಗ್ರೇಸ್ ಫರ್ನಾಲ್ಡ್ ಲಾಸ್ ಏಂಜಲೀಸ್‌ನಲ್ಲಿ ಮಕ್ಕಳು ಇಡೀ ಪದವನ್ನು ಬೆರಳಿನಿಂದ ತಿದ್ದುತ್ತ ಉಚ್ಚರಿಸುವ ಕ್ರಮವನ್ನು ಬೆಳೆಸಿದರು. ಅಕ್ಷರವನ್ನು ಮಿದುಳು ಕನ್ನಡಿಯ ಬಿಂಬದಂತೆ ತಿರುವಿ ಹಿಡಿದಿಡುತ್ತದೆ ಎಂಬ ಆರ್ಟನ್ನರ ವಿವರಣೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಪಾಠಕ್ರಮ ಮಾತ್ರ ಉಳಿದುಕೊಂಡಿದೆ.

ಈ ಪಾಠಕ್ರಮಗಳೆಲ್ಲ ಇಂಗ್ಲಿಷಿಗಾಗಿ ಹುಟ್ಟಿದವು. ಇಂಗ್ಲಿಷಿನ ಮಗು 26 ಅಕ್ಷರಗಳ ಆಕಾರವನ್ನು ಬೇಗ ಕಲಿತು, ಅವುಗಳ ಉಚ್ಚಾರದ ಗೊಂದಲದಲ್ಲಿ ಸಿಕ್ಕಿಕೊಳ್ಳುತ್ತದೆ. ಕನ್ನಡದಲ್ಲಿ ಉಚ್ಚಾರ ಬಹುಮಟ್ಟಿಗೆ ನೇರ, ಆದರೆ ಗುಣಿತ ಮತ್ತು ಒತ್ತು ಸೇರಿದರೆ ರೂಪಗಳು ನೂರಾರು. ಕನ್ನಡ ಶಾಲಾಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್, ಈ ರೂಪಗಳ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಮುಂದುವರಿಯುತ್ತದೆ ಎಂದು 2007ರಲ್ಲಿ ತೋರಿಸಿದರು. ಹೀಗಾಗಿ ಇಂಗ್ಲಿಷ್ ಕೈಪಿಡಿಯನ್ನು ಹಾಗೇ ಕನ್ನಡಕ್ಕಿಳಿಸಿದರೆ ಮಗು ಮರಳಲ್ಲಿ ಅ, ಆ, ಇ, ಈ ತಿದ್ದುತ್ತ ತಿಂಗಳುಗಳನ್ನು ಕಳೆಯುತ್ತದೆ. ಅದು ಎಡವುವ ಜಾಗಕ್ಕೆ ಪಾಠ ತಲುಪುವುದೇ ಇಲ್ಲ.

ಮರಳು

ಅಂಚಿರುವ ಚಪ್ಪಟೆ ತಟ್ಟೆ ಸಾಕು. ಅದರ ತಳ ಕಪ್ಪೋ ಕಡುನೀಲಿಯೋ ಆಗಿದ್ದರೆ ಬೆರಳು ಹೋದ ಜಾಡು ಎದ್ದು ಕಾಣುತ್ತದೆ. ಜರಡಿ ಹಿಡಿದು ತೊಳೆದು ಒಣಗಿಸಿದ ಮರಳನ್ನು ಅರ್ಧ ಸೆಂಟಿಮೀಟರಿಗಿಂತ ದಪ್ಪವಾಗದಂತೆ ಹರಡಬೇಕು. ಹೆಚ್ಚು ಹಾಕಿದರೆ ಗೆರೆಯ ಬದಿಗಳು ಕುಸಿದು ಅಕ್ಷರ ಮುಚ್ಚಿಹೋಗುತ್ತದೆ. ಮರಳಿನ ಬದಲು ರವೆ ಬಳಸುವವರಿದ್ದಾರೆ, ಆದರೆ ಸಂಜೆಗೆ ಇರುವೆ ಬರುತ್ತದೆ. ಮರಳು ಮುಟ್ಟಲು ಅಸಹ್ಯಪಡುವ ಮಗುವಿಗೆ ಒರಟು ಬಟ್ಟೆಯ ತುಂಡು ಕೊಟ್ಟರಾಯಿತು, ಬಲವಂತ ಬೇಡ.

ತಿದ್ದುವಾಗ ಬೆರಳೂ ಬಾಯಿಯೂ ಒಟ್ಟಿಗೆ ನಡೆಯಬೇಕು ಎಂಬುದೊಂದೇ ಇಲ್ಲಿ ಕಟ್ಟುನಿಟ್ಟಿನ ನಿಯಮ. ಗೆರೆ ಶುರುವಾದಾಗ ಸದ್ದು ಶುರುವಾಗಿ, ಗೆರೆ ಮುಗಿದಾಗ ಮುಗಿಯಬೇಕು. ಮೌನವಾಗಿ ಬರೆಯುವ ಮಗು ಚಿತ್ರ ಬಿಡಿಸುತ್ತಿದೆಯೇ ಹೊರತು ಓದು ಕಲಿಯುತ್ತಿಲ್ಲ. ಆ ಮಗುವನ್ನು ದೂರದಿಂದ ನೋಡಿದವರಿಗೆ ಎಷ್ಟು ಶ್ರದ್ಧೆ ಅನ್ನಿಸುತ್ತದೆ. ಈ ಆಟದಲ್ಲಿ ಶಿಕ್ಷಕಿಯರು ಮೋಸಹೋಗುವುದು ಇಲ್ಲೇ.

ಕನ್ನಡದಲ್ಲಿ ಮರಳಿನ ಕೆಲಸವನ್ನು ಎರಡು ಜಾಗಕ್ಕೆ ಮೀಸಲಿಡುವುದು ಒಳ್ಳೆಯದು. ಒಂದು, ನೋಡಲು ಒಂದೇ ಥರ ಇರುವ ದ-ಧ-ಥ, ರ-ಠ, ಪ-ಷ ಇಂಥ ಅಕ್ಷರಗಳು. ಇನ್ನೊಂದು, ಮೂಲಾಕ್ಷರವನ್ನು ಹೋಲದ ಒತ್ತುಗಳು. ಕ, ಗ, ಚ ಮುಂತಾದವುಗಳ ಒತ್ತು ಬಹುಮಟ್ಟಿಗೆ ತಲೆಕಟ್ಟಿಲ್ಲದ ಮೂಲಾಕ್ಷರವೇ. ತ, ನ, ಮ, ಯ, ರ, ಲ ಇವುಗಳ ಒತ್ತು ಹಾಗಲ್ಲ, ಅವನ್ನು ಬೇರೆಯಾಗಿಯೇ ಕಲಿಯಬೇಕು. ಈ ಆರಕ್ಕೆ ಮರಳು ಬಹಳ ಉಪಯುಕ್ತ.

ದಾರ

ಬೋರ್ಡಿನ ಮೇಲೆ ಉಲ್ಲನ್ ದಾರವನ್ನು ಅಕ್ಷರದ ಆಕಾರಕ್ಕೆ ಅಂಟಿಸುವುದು ಎಲ್ಲರೂ ಮಾಡುವ ಚಟುವಟಿಕೆ. ಅದು ಸಮಯವನ್ನು ತಿನ್ನುವಷ್ಟು ಫಲ ಕೊಡುವುದಿಲ್ಲ. ದಾರ ಹೆಚ್ಚು ಉಪಯೋಗಕ್ಕೆ ಬರುವುದು ಹ್ರಸ್ವ-ದೀರ್ಘ ತಿಳಿಸಲು. ವ್ಯಾಕರಣದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಅದೇ ಲೆಕ್ಕದಲ್ಲಿ ಒಂದು ಗೇಣಿನ ಮತ್ತು ಎರಡು ಗೇಣಿನ ದಾರಗಳನ್ನು ಕತ್ತರಿಸಿಕೊಳ್ಳಬೇಕು. ಶಿಕ್ಷಕಿ ‘ಬಳೆ’ ಎಂದಾಗ ಮಗು ಎರಡು ಚಿಕ್ಕ ದಾರಗಳನ್ನು ಸಾಲಾಗಿ ಇಡುತ್ತದೆ. ‘ಬಾಳೆ’ ಎಂದಾಗ ಮೊದಲು ಉದ್ದದ್ದು, ನಂತರ ಚಿಕ್ಕದ್ದು. ಇಟ್ಟಾದ ಮೇಲೆ ದಾರದ ಉದ್ದಕ್ಕೂ ಬೆರಳೆಳೆಯುತ್ತ ಪದವನ್ನು ಹೇಳಿ, ಅದರ ಕೆಳಗೆ ಅಕ್ಷರದ ಚೀಟಿ ಇಡಬೇಕು. ಉದ್ದ ದಾರ ಕಂಡಲ್ಲಿ ಇಳಿಯೋ ದೀರ್ಘವೋ ಬಂದೇ ಬರಬೇಕು ಎಂಬುದು ಎರಡು ಮೂರು ದಿನಗಳಲ್ಲಿ ಕೈಗೆ ಹತ್ತುತ್ತದೆ. ಕರ-ಕಾರ, ಕಡು-ಕಾಡು ಇಂಥ ಜೋಡಿಗಳು ಇದಕ್ಕೆ ಹೇಳಿಮಾಡಿಸಿದಂತಿವೆ.

ಛಂದಸ್ಸು ಬಲ್ಲ ಶಿಕ್ಷಕರು ಇಲ್ಲಿ ಎಚ್ಚರವಿರಬೇಕು. ‘ಅಕ್ಕಿ’ಯ ಅಕಾರ ಛಂದಸ್ಸಿನಲ್ಲಿ ಗುರು, ಆದರೆ ಸ್ವರ ಹ್ರಸ್ವವೇ. ದಾರದ ಆಟ ಅಳೆಯುವುದು ಸ್ವರವನ್ನು, ಲಘು-ಗುರುವನ್ನಲ್ಲ. ಅಲ್ಲಿ ಉದ್ದ ದಾರ ಇಡಿಸಿದರೆ ಮಗು ‘ಆಕ್ಕಿ’ ಎಂದು ಬರೆಯುತ್ತದೆ.

ನಡಿಗೆ

ಒತ್ತಕ್ಷರದ ಇನ್ನೊಂದು ತೊಡಕು ಮರಳಿಗೂ ದಾರಕ್ಕೂ ಬಗ್ಗುವುದಿಲ್ಲ, ಯಾಕೆಂದರೆ ಅದು ಆಕಾರದ ತೊಡಕಲ್ಲ, ಅನುಕ್ರಮದ ತೊಡಕು. ‘ಅಕ್ಕಿ’ಯಲ್ಲಿ ಗುಡಿಸು ಕೂತಿರುವುದು ಮೇಲಿನ ಕಕಾರದ ತಲೆಯ ಮೇಲೆ, ಆದರೆ ಇಕಾರ ಕೇಳಿಸುವುದು ಕೆಳಗಿನ ಒತ್ತು ಮುಗಿದ ಮೇಲೆ. ಕಣ್ಣಿಗೆ ಬಿದ್ದ ಕ್ರಮದಲ್ಲೇ ಓದುವ ಮಗು ‘ಅಕಿಕ’ ಎನ್ನುತ್ತದೆ, ಇಲ್ಲವೇ ಒತ್ತನ್ನೇ ನುಂಗಿ ‘ಅಕಿ’ ಎನ್ನುತ್ತದೆ. ಇದನ್ನು ಬಿಡಿಸಲು ಕುಂಟೆಬಿಲ್ಲೆಯ ಮನೆಗಳು ನೆರವಾಗುತ್ತವೆ. ಸೀಮೆಸುಣ್ಣದಿಂದ ಅಕ್ಷರಕ್ಕೊಂದು ಮನೆ ಬರೆದು, ಒತ್ತಿರುವ ಮನೆಯ ಮುಂದೆ ಒಂದು ಅಡ್ಡಗೆರೆ ಎಳೆಯಬೇಕು. ಮಗು ಮೊದಲ ಮನೆಗೆ ಎರಡೂ ಕಾಲಲ್ಲಿ ಹಾರಿ ‘ಅ’ ಎನ್ನುತ್ತದೆ, ಗೆರೆಯ ಮೇಲೆ ಒಂಟಿಕಾಲಲ್ಲಿ ನಿಂತು ‘ಕ್’ ಎಂದು ತಡೆಯುತ್ತದೆ, ಮತ್ತೆ ಎರಡೂ ಕಾಲೂರಿ ‘ಕಿ’ ಎನ್ನುತ್ತದೆ. ಒಂಟಿಕಾಲು ಎಂದರೆ ಸ್ವರವಿಲ್ಲ, ಎರಡು ಕಾಲು ಎಂದರೆ ಸ್ವರ ಸೇರಿದೆ.

ಅರ್ಕಾವೊತ್ತಿಗೆ ಗುಂಪೇ ಬೇಕು. ‘ಸೂರ್ಯ’ ಬರೆಯುವಾಗ ರಕಾರದ ಗುರುತು ಯಕಾರದ ನಂತರ ಬರುತ್ತದೆ, ಉಚ್ಚಾರದಲ್ಲಿ ಮೊದಲು ಬರುತ್ತದೆ. ಮೂವರು ಮಕ್ಕಳು ‘ಸೂ’, ‘ಯ’, ‘೯’ ಚೀಟಿ ಹಿಡಿದು ಬರಹದ ಕ್ರಮದಲ್ಲಿ ನಿಲ್ಲುತ್ತಾರೆ. ನಾಲ್ಕನೆಯ ಮಗು ಓದತೊಡಗಿ ‘ಸೂ’ ಎಂದ ಕೂಡಲೇ ‘೯’ ಹಿಡಿದವನು ‘ರ್’ ಎನ್ನುತ್ತ ಓಡಿಬಂದು ಯಕಾರದ ಮುಂದೆ ನಿಲ್ಲಬೇಕು, ನಂತರ ತನ್ನ ಜಾಗಕ್ಕೆ ಮರಳಬೇಕು. ಹಾಗೆ ಮರಳದಿದ್ದರೆ ಬರಹದ ಕ್ರಮ ತಪ್ಪಾಗಿ ಮನಸ್ಸಿನಲ್ಲಿ ಕೂರುತ್ತದೆ.

ಒಂದು ಪಾಠ

ಮೂರನೇ ತರಗತಿಯ ನಾಲ್ವರು ಮಕ್ಕಳಿದ್ದಾರೆ ಎನ್ನಿ. ಮೂಲಾಕ್ಷರ ಬಲ್ಲರು, ‘ಕತ್ತೆ’ಯನ್ನು ‘ಕತೆ’ ಎಂದು ಓದುತ್ತಾರೆ. ಪಾಠ ಒಟ್ಟು 35 ನಿಮಿಷ. ಮೊದಲು ಹಿಂದಿನ ದಿನದ ಚೀಟಿಗಳನ್ನು ಒಂದು ಸುತ್ತು ಓದಿಸಿ, ಕತೆ-ಕತ್ತೆ, ಬಳಿ-ಬಳ್ಳಿ, ಹಳಿ-ಹಳ್ಳಿ ಜೋಡಿಗಳನ್ನು ಶಿಕ್ಷಕಿ ಬರೀ ಬಾಯಲ್ಲಿ ಹೇಳುತ್ತಾರೆ. ಒತ್ತು ಕೇಳಿಸಿದರೆ ಮಕ್ಕಳು ಒಂಟಿಕಾಲಲ್ಲಿ ನಿಲ್ಲಬೇಕು. ಕಿವಿಗೇ ಕೇಳಿಸದವನಿಗೆ ಚೀಟಿ ತೋರಿಸಿ ಪ್ರಯೋಜನವಿಲ್ಲ, ಅವನ ಜೊತೆ ಇದೇ ಹಂತದಲ್ಲಿ ನಿಲ್ಲಬೇಕು. ಆಮೇಲೆ ತಕಾರದ ಒತ್ತನ್ನು ಮರಳಲ್ಲಿ ಉಚ್ಚರಿಸುತ್ತ ನಾಲ್ಕೈದು ಸಲ ತಿದ್ದುತ್ತಾರೆ, ಮನೆಗಳಲ್ಲಿ ಪದಗಳನ್ನು ಹಾರುತ್ತಾರೆ. ಗುಂಪಿನಲ್ಲಿ ಚುರುಕಾದ ಮಗುವೊಂದು ಕೂಗಿದ ಉತ್ತರವನ್ನೇ ಉಳಿದವರು ಹಾರಿಬಿಡುವುದುಂಟು. ಆದ್ದರಿಂದ ಹಾರುವವನ ಪದ ಅವನ ಕೈಯ ಚೀಟಿಯಲ್ಲಿ ಮಾತ್ರ ಇರಬೇಕು, ಉಳಿದವರು ಕಾಲನ್ನು ನೋಡಿ ಪದವನ್ನು ಊಹಿಸಬೇಕು.

ಕೊನೆಯ ಎಂಟು ನಿಮಿಷ ಕಾಗದಕ್ಕೆ ಮೀಸಲು. ಮರಳು, ದಾರ, ಮನೆ ಯಾವುದೂ ಇಲ್ಲದೆ ಪ್ರತಿ ಮಗುವೂ ಬೇರೆಯಾಗಿ ಕೂತು ಹತ್ತು ಪದ ಓದಬೇಕು. ಅದರಲ್ಲಿ ಐದು ಆಡಿದವು, ಮೂರು ಆಡದವು (ಹತ್ತಿ, ಬುತ್ತಿ, ಮುತ್ತು), ಎರಡು ಅರ್ಥವಿಲ್ಲದವು (ನತ್ತಿ, ಡತ್ತು). ಆಡಿದ ಐದನ್ನೂ ಓದಿ ಉಳಿದವುಗಳಲ್ಲಿ ತೊದಲಿದರೆ ಮಗು ಪದಗಳನ್ನು ಬಾಯಿಪಾಠ ಮಾಡಿದೆ ಎಂದರ್ಥ, ಒತ್ತು ಇನ್ನೂ ಬಂದಿಲ್ಲ. ಪ್ರತಿ ಮಗುವಿನ ಲೆಕ್ಕವನ್ನು ಬೇರೆಬೇರೆ ಬರೆದಿಡಬೇಕು. ಸಮಯ ಸಾಲದಾಗ ಶಿಕ್ಷಕರು ಮೊದಲು ಕೈಬಿಡುವುದು ಈ ಹಂತವನ್ನೇ. ಕೈಬಿಡಬೇಕಾದರೆ ಮರಳನ್ನು ಬಿಡಲಿ.

ಮಿತಿ

ಇಂದ್ರಿಯಗಳನ್ನು ಸೇರಿಸಿದ್ದರಿಂದಲೇ ಹೆಚ್ಚು ಲಾಭವಾಗುತ್ತದೆ ಎಂಬುದಕ್ಕೆ ಆಧಾರ ಗಟ್ಟಿಯಾಗಿಲ್ಲ. ಫ್ರಾನ್ಸಿನಲ್ಲಿ ಫ್ಲಾರೆನ್ಸ್ ಬಾರಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳನ್ನು ಮುಟ್ಟಿ ಕಲಿತ ಶಿಶುವಿಹಾರದ ಮಕ್ಕಳು ಬರೀ ನೋಡಿ ಕಲಿತವರಿಗಿಂತ ಚೆನ್ನಾಗಿ ಓದಿದರು. ಆದರೆ ಅವರು ಡಿಸ್ಲೆಕ್ಸಿಯಾ ಮಕ್ಕಳಾಗಿರಲಿಲ್ಲ. ಆರ್ಟನ್-ಗಿಲಿಂಗ್‌ಹ್ಯಾಮ್ ಪದ್ಧತಿಯ ಅಧ್ಯಯನಗಳನ್ನು ಎಲಿಜಬೆತ್ ಸ್ಟೀವನ್ಸ್ ಮತ್ತು ಸಂಗಡಿಗರು 2021ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಫಲ ಲಾಭದ ಕಡೆಗೆ ವಾಲಿದರೂ ಖಚಿತವೆನ್ನುವಷ್ಟು ಇರಲಿಲ್ಲ. ಅಕ್ಷರ-ಸದ್ದಿನ ನಂಟನ್ನು ಕ್ರಮವಾಗಿ, ಬಿಡಿಸಿ, ಮತ್ತೆ ಮತ್ತೆ ಕಲಿಸುವುದೇ ಫಲ ಕೊಡುತ್ತದೆ ಎಂಬುದರಲ್ಲಿ ಮಾತ್ರ ಹೆಚ್ಚು ಒಮ್ಮತವಿದೆ. ಆ ಮತ್ತೆ ಮತ್ತೆ ಎಂಬುದನ್ನು ಮಗು ಬೇಸರಪಡದೆ ಸಹಿಸಿಕೊಳ್ಳುವಂತೆ ಮಾಡುವುದೇ ಆಟದ ಮುಖ್ಯ ಕೊಡುಗೆ ಇರಬಹುದು. ಮರಳು ಮುಟ್ಟಿದರೆ ಮಿದುಳು ಬದಲಾಗುತ್ತದೆ ಎಂದು ಹೇಳಿ ತಟ್ಟೆ ಮಾರುವವರನ್ನು ನಂಬಬೇಕಿಲ್ಲ.

ಆಟಗಳಿಂದ ರೋಗನಿರ್ಣಯವೂ ಆಗದು. ಕೆಲವು ತಿಂಗಳು ಕ್ರಮವಾಗಿ ಕಲಿಸಿದರೂ ಕಾಗದದ ಓದು ಮುಂದೆ ಹೋಗದ ಮಗುವನ್ನು ತಜ್ಞರ ಬಳಿ ಪರೀಕ್ಷೆ ಮಾಡಿಸಬೇಕು. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಭಾರತೀಯ ಭಾಷೆಗಳಿಗಾಗಿ ರೂಪಿಸಿದ ‘ಡಾಲಿ’ ಪರೀಕ್ಷೆ ಕನ್ನಡದಲ್ಲಿಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ.